ಹೊಲಿಯಲು ಕೊಡುವ ಮೊದಲು ರವಿಕೆ ಕಣ ಗದ್ದದ ಕೆಳಗೆ ಹಿಡಿದು ನೋಡಿ

ಸೀರೆಗೆ ರವಿಕೆ ಒಪ್ಪುತ್ತಾ ಅಂತ ಎಲ್ಲರೂ ನೋಡುತ್ತಾರೆ. ಕಣವನ್ನು ಸೀರೆ ಮೇಲೆ ಇಟ್ಟರೆ ಅದು ಅಂಗಡಿಯಲ್ಲೇ ಗೊತ್ತಾಗುತ್ತದೆ. ಉಟ್ಟವಳ ಮುಖಕ್ಕೆ ಒಪ್ಪುತ್ತಾ ಅನ್ನೋದು ಬೇರೆ ಮಾತು. ಮುಖಕ್ಕೆ ಹತ್ತಿರ ಇರೋದು ರವಿಕೆ. ಅದರ ಬಣ್ಣ ಬೆಳಕಿನ ಜೊತೆ ಗದ್ದದ ಕೆಳಗೆ, ಕತ್ತಿಗೆ ಬಡಿಯುತ್ತದೆ. ಹಾಗಾಗಿ ಹೊಲಿಯಲು ಕೊಡುವ ಮೊದಲು ಹಗಲು ಬೆಳಕಲ್ಲಿ ಒಂದು ಫೋಟೋ ತೆಗೆದು ನೋಡಿ ಅಂತ ನಾನು ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಹೇಳುತ್ತೇನೆ.

ಹೋದ ತಿಂಗಳು ನನ್ನ ತಂಗಿಯ ಮಗಳು ರಾಣಿ ಬಣ್ಣದ ಮೈಸೂರು ಸಿಲ್ಕ್ ಸೀರೆ ತಂದಿದ್ದಳು. ಜೊತೆಗೆ ಮೂರು ಕಣ: ಗಿಳಿಹಸಿರು, ಚಂದನ, ಬದನೆಕಾಯಿ ಬಣ್ಣ. ಅವಳದು ಎಣ್ಣೆಗೆಂಪು ಮೈಬಣ್ಣ. ಗಿಳಿಹಸಿರು ಅಂತ ಮೊದಲೇ ಮನಸ್ಸು ಮಾಡಿಬಿಟ್ಟಿದ್ದಳು. "ದೊಡ್ಡಮ್ಮ, ರಾಣಿಗೆ ಹಸಿರೇ ಅಲ್ವಾ?" ಅಂದಳು. ಸೀರೆಗೆ ಹೌದು, ನಿನ್ನ ಮುಖಕ್ಕೆ ನೋಡೋಣ ಅಂದೆ.

ಬೆಳಿಗ್ಗೆ ಒಂಬತ್ತೂವರೆಗೆ ಕಿಟಕಿಯ ಎದುರು ನಿಲ್ಲಿಸಿದೆ. ಮುಖ ಕಿಟಕಿ ಕಡೆಗೇ ಇರಬೇಕು. ಬಿಸಿಲು ನೇರವಾಗಿ ಬೀಳಬಾರದು, ಬಿದ್ದರೆ ಕಣ್ಣು ಕಿರಿದಾಗುತ್ತದೆ, ಹಣೆ ಹೊಳೆಯುತ್ತದೆ. ಟ್ಯೂಬ್‌ಲೈಟ್ ಆರಿಸಿದೆ. ಮೊದಲು ಜಗುಲಿಯಲ್ಲಿ ನಿಂತಿದ್ದಳು, ಬೇಡ ಅಂದೆ. ನಮ್ಮ ಜಗುಲಿಯದು ಕೆಂಪು ಗಾರೆ ನೆಲ, ಅದರ ಕೆಂಪು ಗದ್ದಕ್ಕೆ ಹೊಡೆಯುತ್ತದೆ. ಹಸಿರು ಬಳಿದ ಗೋಡೆಯೂ ಹಾಗೇ.

ಇನ್ನು ಫೋನಿನ ಕಥೆ. ಬ್ಯೂಟಿ ಫಿಲ್ಟರ್ ಪೂರ್ತಿ ತೆಗೆಯಿರಿ. ಅಷ್ಟು ಸಾಲದು. ಚೌಕಟ್ಟು ತುಂಬ ಒಂದೇ ಗಾಢ ಬಣ್ಣ ಇದ್ದರೆ ಫೋನು ತಾನೇ ಬಣ್ಣ ಸರಿಪಡಿಸಲು ಹೋಗಿ ಮೈಬಣ್ಣ ಕೆಡಿಸಬಹುದು. ಕಪ್ಪು ಬಟ್ಟೆ ಜಾಸ್ತಿ ಇದ್ದರೆ ಮುಖ ಬೆಳ್ಳಗೆ ಮಾಡುತ್ತದೆ, ಬಿಳಿ ಬಟ್ಟೆ ಜಾಸ್ತಿ ಇದ್ದರೆ ಮುಖ ಮಂಕು ಮಾಡುತ್ತದೆ. ಅದಕ್ಕೆ ಒಂದು ಒಗೆದ ಬಿಳಿ ಪಂಚೆಯನ್ನು ಪಕ್ಕದಲ್ಲಿ ಕಾಣುವ ಹಾಗೆ ನೇತುಹಾಕಿ. ಪರದೆ ಮೇಲೆ ಅವಳ ಮುಖದ ಮೇಲೆ ಬೆರಳು ಒತ್ತಿ, ಆಮೇಲೆ ಫೋಟೋ ತೆಗೆಯಿರಿ. ಚಿತ್ರದಲ್ಲಿ ಪಂಚೆ ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಆ ಫೋಟೋ ನಂಬಬೇಡಿ. ಫೋನಿನ ಪಕ್ಕ ಅವಳ ಕೈಯನ್ನೇ ಹಿಡಿದು, ಎರಡೂ ಒಂದೇ ಬಣ್ಣ ಇದೆಯಾ ಅಂತಲೂ ನೋಡಿ. ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್ ಹಾಕಿದ್ದರೆ ಅದನ್ನೂ ತೆಗೆದಿರಬೇಕು.

ಎರಡು ಕಣಗಳನ್ನು ಎರಡು ಫೋಟೋದಲ್ಲಿ ಹೋಲಿಸಿದರೆ ಮೋಸ ಹೋಗುತ್ತೀರಿ, ಪ್ರತಿ ಸಲವೂ ಫೋನು ಬೇರೆ ಬೇರೆ ಲೆಕ್ಕ ಹಾಕಬಹುದು. ಸೀರೆಯನ್ನು ಎದೆಗೆ ಅಡ್ಡ ಹಿಡಿದು, ಒಂದು ಭುಜಕ್ಕೆ ಒಂದು ಕಣ, ಇನ್ನೊಂದು ಭುಜಕ್ಕೆ ಇನ್ನೊಂದು ಹಾಕಿ. ಎರಡೂ ಗದ್ದಕ್ಕೆ ತಾಗುವ ಹಾಗಿರಲಿ. ಆಮೇಲೆ ಎಡಬಲ ಅದಲುಬದಲು ಮಾಡಿ ಮತ್ತೊಂದು ತೆಗೆಯಿರಿ. ಒಂದು ಕಡೆ ಬೆಳಕು ಸ್ವಲ್ಪ ಜಾಸ್ತಿ ಇದ್ದರೆ ಆಗ ಗೊತ್ತಾಗುತ್ತದೆ.

ಫೋಟೋ ದೊಡ್ಡದು ಮಾಡಿ ನೋಡಿದೆವು. ಗಿಳಿಹಸಿರು ಇದ್ದ ಕಡೆ ದವಡೆಯ ಕೆಳಗೆ ಹಸಿರು ಛಾಯೆ. ಜ್ವರದಿಂದ ಎದ್ದವಳ ಹಾಗೆ ಕಂಡಳು, ಕಣ್ಣಡಿಯ ಕಪ್ಪೂ ಎದ್ದು ಕಂಡಿತು. ಚಂದನ ಇದ್ದ ಕಡೆ ಗದ್ದದ ನೆರಳು ತಿಳಿಯಾಯಿತು, ಅದು ಒಳ್ಳೆಯದೇ. ಆದರೆ ತೋಳಿನ ಪಕ್ಕ ಬಟ್ಟೆ ಎಲ್ಲಿ ಮುಗಿಯಿತು ಅಂತ ತಿಳಿಯಲಿಲ್ಲ. ಅದೇ ಫೋಟೋವನ್ನು ಕಪ್ಪುಬಿಳುಪು ಮಾಡಿದೆ. ಚಂದನವೂ ಅವಳ ತೋಳೂ ಒಂದೇ ಬೂದುಬಣ್ಣ! ಹಾಗೆ ಹೊಲಿಸಿದರೆ ದೂರದಿಂದ ತೋಳೇ ಇಲ್ಲದ ರವಿಕೆ ಅನ್ನಿಸುತ್ತದೆ. ಮುಂದಿನ ಫೋಟೋದಲ್ಲಿ ಬದನೆಕಾಯಿ ಬಣ್ಣ ಹಾಕಿದೆವು. ತೋಳು ಬಿಡಿಸಿಟ್ಟ ಹಾಗೆ ಬೇರೆ ಕಂಡಿತು, ಕತ್ತಿನ ಬಣ್ಣ ಅವಳದೇ ಉಳಿಯಿತು, ನೋಡಿದ ಕೂಡಲೇ ಕಣ್ಣು ಹೋದದ್ದು ಅವಳ ಮುಖಕ್ಕೆ.

ಬೆಳ್ಳಗೆ ಕಾಣುತ್ತಾಳಾ ಅಂತ ಹುಡುಕಬೇಡಿ. ಮುಖ ಗೆಲುವಾಗಿದೆಯಾ, ತುಟಿಯ ಬಣ್ಣ ಇದ್ದ ಹಾಗೇ ಇದೆಯಾ ನೋಡಿ. ಕಪ್ಪಗಿರುವವರಿಗೆ ಗಾಢ ಬಣ್ಣ ಬೇಡ ಅನ್ನುವ ಮಾತನ್ನು ನಾನು ಒಪ್ಪೋದೇ ಇಲ್ಲ.

ಹಸಿರಿನ ಆಸೆ ಅವಳಿಗೆ ಬಿಡಲಿಲ್ಲ. ಕತ್ತಿನಿಂದ ದೂರ ಇದ್ದರೆ ಹಸಿರಿನಿಂದ ತೊಂದರೆ ಇಲ್ಲ. ಹಾಗಾಗಿ ಬದನೆಕಾಯಿ ಕಣದಲ್ಲೇ ಹೊಲಿಸಿ, ತೋಳಿನ ಅಂಚಿಗೆ ಮಾತ್ರ ಗಿಳಿಹಸಿರು ಪೈಪಿಂಗ್ ಕೊಡಿಸೋಣ ಅಂತ ಮಾತಾಡಿಕೊಂಡೆವು. ಸೀರೆ ಉಡುವುದು ರಾತ್ರಿ ಆರತಕ್ಷತೆಗೆ ಅಂತ ಗೊತ್ತಿದ್ದರಿಂದ, ಆ ಸಂಜೆ ಹಳದಿ ಬಲ್ಬಿನ ಕೆಳಗೂ ಒಮ್ಮೆ ನಿಲ್ಲಿಸಿ ನೋಡಿದೆ. ಅಲ್ಲಿ ಬದನೆಕಾಯಿ ಬಣ್ಣ ಕಂದು ಬಣ್ಣಕ್ಕೆ ತಿರುಗಿತು, ಆದರೂ ತೋಳು ಬೇರೆಯಾಗಿಯೇ ಕಂಡಿತು. ಮಾರನೆಯ ದಿನ ಕಣ ಟೈಲರ್ ಹತ್ತಿರ ಹೋಯಿತು.