ಮೋಟರ್ ರಿಪೇರಿ ವಿಡಿಯೋಗೆ ಕನ್ನಡ ಕ್ಯಾಪ್ಷನ್: ಇಂಗ್ಲಿಷ್ ಬೆರೆತ ಮಾತನ್ನು ಸರಿಯಾಗಿ ಬರೆಸಿದ್ದು ಹೇಗೆ

ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವ ಅಣ್ಣ ಒಬ್ಬರ ವಿಡಿಯೋಗಳಿಗೆ ನಾನು ಕ್ಯಾಪ್ಷನ್ ಹಾಕಿಕೊಡುತ್ತೇನೆ. ನೋಡುವವರಲ್ಲಿ ಕಿವಿ ಕೇಳದವರೂ ಇದ್ದಾರೆ, ಅಂಗಡಿ ಗದ್ದಲದಲ್ಲಿ ಸೌಂಡ್ ಇಲ್ಲದೆ ನೋಡುವವರೂ ಇದ್ದಾರೆ. ಅಣ್ಣ ಮಾತಾಡುವುದು ಹೀಗೆ: "ಸ್ಟಾರ್ಟರ್ ಟ್ರಿಪ್ ಆಗ್ತಾ ಇದ್ರೆ ಸುಮ್ನೆ ಕೆಪಾಸಿಟರ್ ಮುಟ್ಬಾರ್ದು, ಮೊದ್ಲು ಡಿಸ್ಚಾರ್ಜ್ ಮಾಡ್ಬೇಕು." ಇದು ನಾವೆಲ್ಲ ದಿನಾ ಆಡುವ ಕನ್ನಡವೇ. ಆದರೆ ಯಂತ್ರಕ್ಕೆ ಇದು ಕಷ್ಟದ ಮಾತು.

ತೊಂದರೆ ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಭಾಷೆ ಗುರುತಿಸುವುದು. ನಾನು ಬಳಸುವುದು ಮಾತು ಕೇಳಿ ಬರಹಕ್ಕಿಳಿಸುವ ವಿಸ್ಪರ್ ಎಂಬ ಮಾಡೆಲ್. ಭಾಷೆ ಯಾವುದು ಎಂದು ನಾವು ಹೇಳದಿದ್ದರೆ ಅದು ಮೊದಲ 30 ಸೆಕೆಂಡು ಕೇಳಿ ತಾನೇ ತೀರ್ಮಾನ ಮಾಡುತ್ತದೆ, ಮುಂದಿನ ಇಡೀ ಫೈಲಿಗೆ ಅದನ್ನೇ ಹಿಡಿದುಕೊಳ್ಳುತ್ತದೆ. ವಿಡಿಯೋ "ಹಲೋ ಫ್ರೆಂಡ್ಸ್, ವೆಲ್‌ಕಮ್ ಬ್ಯಾಕ್" ಎಂದು ಶುರುವಾದರೆ ಅದು ಇಂಗ್ಲಿಷ್ ಅಂದುಕೊಳ್ಳಬಹುದು. ಆಮೇಲೆ ಕನ್ನಡ ಮಾತಿಗೂ ಅಚ್ಚುಕಟ್ಟಾದ ಇಂಗ್ಲಿಷ್ ವಾಕ್ಯ ಬರೆಯುತ್ತಾ ಹೋಗುತ್ತದೆ. ಓದಿದರೆ ಚೆನ್ನಾಗೇ ಇರುತ್ತದೆ, ಆದರೆ ಅಣ್ಣ ಹೇಳಿದ್ದು ಅದಲ್ಲ. ಈ ಜಾತಿಯ ತಪ್ಪಿಗೆ ಎಲ್ಲಕ್ಕಿಂತ ಜಾಸ್ತಿ ಹೆದರಬೇಕು, ಯಾಕೆಂದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ಎರಡನೆಯದು ನಮ್ಮ ಪ್ರತ್ಯಯಗಳು. ಇಂಗ್ಲಿಷ್ ಪದ ನಮ್ಮ ಬಾಯಲ್ಲಿ ಒಂಟಿಯಾಗಿ ಇರುವುದಿಲ್ಲ. ಕಾಯಿಲ್‌ಗೆ, ಫ್ಯೂಸಲ್ಲಿ, ಟೈಟಾಗಿ, ಟ್ರಿಪ್ಪಾಗತ್ತೆ. ಇಂಗ್ಲಿಷ್ ಅರ್ಧ, ಕನ್ನಡ ಅರ್ಧ, ನಡುವೆ ಉಸಿರು ಬಿಡುವಷ್ಟೂ ಜಾಗ ಇಲ್ಲ. ಇಂಥ ಕಡೆ ಮಾಡೆಲ್ ತನಗೆ ಹೆಚ್ಚು ಪರಿಚಯವಿರುವ ಕನ್ನಡ ಪದದ ಕಡೆ ವಾಲುತ್ತದೆ. "ಕಾಯಿಲ್‌ಗೆ ನೀರು ಹೋಗಿದೆ" ಎಂಬುದು "ಕಾಯಿಲೆಗೆ ನೀರು ಹೋಗಿದೆ" ಆಗುತ್ತದೆ. ಇದಕ್ಕೆ ಕಾರಣವೂ ಇದೆ. ಸಾರ್ವಜನಿಕವಾಗಿ ಸಿಗುವ ಕನ್ನಡ ಧ್ವನಿ ಸಂಗ್ರಹಗಳಲ್ಲಿ ಎಷ್ಟೋ ಪಾಲು ಬರೆದ ವಾಕ್ಯವನ್ನು ಓದಿಸಿ ರೆಕಾರ್ಡ್ ಮಾಡಿದ್ದು. ಫ್ಲೂರ್ಸ್ ಎಂಬ ಸಂಗ್ರಹ ಹಾಗೇ ಆದದ್ದು. ಅಲ್ಲಿ "ಮುಟ್ಟಬಾರದು" ಸಿಗಬಹುದು, "ಮುಟ್ಬಾರ್ದು" ಸಿಗುವುದು ಕಷ್ಟ. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ವಾಯ್ಸಸ್‌ನಲ್ಲಿ ಜನ ಸಹಜವಾಗಿ ಆಡಿದ ಮಾತೂ ಇದೆ. ಹಾಗಾಗಿ ಆ ತಂಡದ ಕನ್ನಡ ಮಾಡೆಲ್‌ಗಳನ್ನೂ ನಿಮ್ಮ ಆಡಿಯೋ ಮೇಲೆ ಒಮ್ಮೆ ಓಡಿಸಿ ನೋಡಿ.

ಮೂರನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಸ್ಪರ್ ಆಡಿಯೋವನ್ನು 30 ಸೆಕೆಂಡಿನ ತುಂಡುಗಳಾಗಿ ಕೇಳುತ್ತದೆ. ಒಂದು ತುಂಡಿಗೆ ಅದು ಬರೆಯಬಹುದಾದದ್ದು ಮಾಮೂಲಿ ಸೆಟ್ಟಿಂಗ್‌ನಲ್ಲಿ 224 ಟೋಕನ್ ಮಾತ್ರ. ಟೋಕನ್ ಅಂದರೆ ಅದು ಒಂದು ಸಲಕ್ಕೆ ಬರೆಯುವ ಚೂರು. ಇಂಗ್ಲಿಷಿನಲ್ಲಿ ಎಷ್ಟೋ ಸಲ ಇಡೀ ಪದವೇ ಒಂದು ಟೋಕನ್. ಕನ್ನಡಕ್ಕೆ ಆ ಭಾಗ್ಯ ಇಲ್ಲ. "ಕೆಪಾಸಿಟರ್" ಎಂದು ಬರೆಯಲು ಸ್ವರಚಿಹ್ನೆ, ಕೊನೆಯ ಅರ್ಧಾಕ್ಷರದ ಗುರುತು ಎಲ್ಲ ಸೇರಿ 9 ಯೂನಿಕೋಡ್ ಸಂಕೇತ ಬೇಕು, ಅಂದರೆ 27 ಬೈಟ್. ಅದು ಹಲವು ಟೋಕನ್ ನುಂಗುತ್ತದೆ. ಅಣ್ಣ ಜೋರಾಗಿ 30 ಸೆಕೆಂಡು ಮಾತಾಡಿದರೆ 224 ನಡುದಾರಿಯಲ್ಲೇ ಮುಗಿದುಹೋಗುತ್ತದೆ, ಉಳಿದ ಮಾತು ಬಿಟ್ಟುಹೋಗಬಹುದು. ಕ್ಯಾಪ್ಷನ್‌ನಲ್ಲಿ ನಡುನಡುವೆ ಇಡೀ ವಾಕ್ಯಗಳೇ ಕಾಣೆಯಾಗಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಉತ್ತರದಲ್ಲಿ ಬರುವ `segments` ಒಳಗೆ `tokens` ಪಟ್ಟಿ ಇರುತ್ತದೆ. ಒಂದು ತುಂಡಿನ ಎಣಿಕೆ 224ರ ಹತ್ತಿರ ಬಂದು ನಿಂತಿದ್ದರೆ ಅಲ್ಲಿ ಕತ್ತರಿ ಬಿದ್ದಿದೆ ಎಂದೇ ಲೆಕ್ಕ.

ಇದಕ್ಕೆ ನಾನು ಕಂಡುಕೊಂಡ ದಾರಿ ಅಂದರೆ ಆಡಿಯೋವನ್ನು ನಾನೇ ಚಿಕ್ಕದಾಗಿ ಕತ್ತರಿಸುವುದು. ಮೊದಲು ಧ್ವನಿಯನ್ನು ಬೇರೆ ತೆಗೆದು, ಮಾತು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನೋಡುತ್ತೇನೆ.

```
ffmpeg -i motor.mp4 -vn -ar 16000 -ac 1 motor.wav
ffmpeg -i motor.wav -af silencedetect=noise=-30dB:d=0.4 -f null -
```

ಎರಡನೇ ಸಾಲು ಮೌನದ ಜಾಗಗಳ ಸಮಯವನ್ನು ತೋರಿಸುತ್ತದೆ. ಪಕ್ಕದಲ್ಲಿ ಮೋಟರ್ ಓಡುತ್ತಿದ್ದರೆ -30 ಸಾಲದು, ಮೌನವೇ ಸಿಗುವುದಿಲ್ಲ. ಆಗ -25, -20 ಹೀಗೆ ಏರಿಸಿ ನೋಡಬೇಕು. ಆ ಜಾಗಗಳಲ್ಲೇ ಕತ್ತರಿಸಿ 5-6 ಸೆಕೆಂಡಿನ ತುಂಡುಗಳನ್ನು ಮಾಡುತ್ತೇನೆ. ಪದದ ನಡುವೆ ಕತ್ತರಿ ಬೀಳಬಾರದು, ಬಿದ್ದರೆ ಪ್ರತ್ಯಯ ಒಂದು ಕಡೆ, ಪದ ಇನ್ನೊಂದು ಕಡೆ ಆಗುತ್ತದೆ. ಪ್ರತಿ ತುಂಡು ಎಲ್ಲಿಂದ ಶುರುವಾಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಕ್ಯಾಪ್ಷನ್‌ನ ಸಮಯಕ್ಕೆ ಅದನ್ನು ಕೂಡಿಸಬೇಕಲ್ವಾ?

ನಂತರ ಪ್ರತಿ ತುಂಡಿಗೂ ಇದನ್ನು ಓಡಿಸುತ್ತೇನೆ:

```python
import whisper
m = whisper.load_model("large-v3")
r = m.transcribe("tundu_014.wav", language="kn",
    initial_prompt="ಸ್ಟಾರ್ಟರ್ ಟ್ರಿಪ್ ಆಯ್ತು. ಕೆಪಾಸಿಟರ್ ಮುಟ್ಬಾರ್ದು. ಕಾಯಿಲ್‌ಗೆ ನೀರು ಹೋಗಿದೆ.")
print(r["text"])
```

`language="kn"` ಕೊಟ್ಟರೆ ಮೊದಲ ತೊಂದರೆ ಅಲ್ಲಿಗೆ ಮುಗಿಯಿತು. `initial_prompt` ಅನ್ನುವುದು ಮಾಡೆಲ್‌ಗೆ ಮೊದಲೇ ತೋರಿಸುವ ಮಾದರಿ. ಅಲ್ಲಿ ಬರೀ ಪದಗಳ ಪಟ್ಟಿಗಿಂತ ಅಣ್ಣನ ಧಾಟಿಯ ಎರಡು ಮೂರು ವಾಕ್ಯ ಹಾಕುವುದು ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ. ಆಡುಮಾತಿನ ರೂಪ, ಕನ್ನಡ ಲಿಪಿಯಲ್ಲಿ ಇಂಗ್ಲಿಷ್ ಪದ, ಪ್ರತ್ಯಯ ಸೇರುವ ಬಗೆ, ಮೂರೂ ಒಟ್ಟಿಗೆ ಅದಕ್ಕೆ ಸಿಗುತ್ತವೆ. ಆದರೆ ಇದನ್ನು ಉದ್ದ ಮಾಡಬೇಡಿ. ಇಲ್ಲೂ ಟೋಕನ್ ಮಿತಿ ಇದೆ. ಮೀರಿದರೆ ಕೊನೆಯ 223 ಟೋಕನ್ ಮಾತ್ರ ಉಳಿಸಿಕೊಂಡು ಮೊದಲಿನದನ್ನು ಬಿಸಾಡುತ್ತದೆ. ತುಂಡು ಮಾಡಿದ್ದರಿಂದ ಇನ್ನೊಂದು ಲಾಭವೂ ಇದೆ. ಉದ್ದ ಫೈಲ್ ಕೊಟ್ಟರೆ ಈ ಮಾದರಿಯ ಪ್ರಭಾವ ಶುರುವಿನಲ್ಲಷ್ಟೇ ಇರುತ್ತದೆ, ಮುಂದೆ ಅದು ತಾನು ಬರೆದದ್ದನ್ನೇ ನೋಡಿಕೊಂಡು ಬರೆಯುತ್ತದೆ. ತುಂಡುಗಳಲ್ಲಿ ಪ್ರತಿ ಸಲವೂ ಮಾದರಿ ಹೊಸದಾಗಿ ಸಿಗುತ್ತದೆ.

ಇಷ್ಟಾದ ಮೇಲೂ ಉಳಿಯುವ ತಪ್ಪಿಗೆ ಬದಲಿ ಪಟ್ಟಿ ಇಟ್ಟುಕೊಂಡಿದ್ದೇನೆ. "ಕಾಯಿಲೆಗೆ" ಬಂದರೆ "ಕಾಯಿಲ್‌ಗೆ", "ಕಾಯಿಲೆಯಲ್ಲಿ" ಬಂದರೆ "ಕಾಯಿಲ್‌ನಲ್ಲಿ". ಪಟ್ಟಿ ವಿಷಯಕ್ಕೆ ಒಂದರಂತೆ ಇರಬೇಕು. ಮೋಟರ್ ವಿಡಿಯೋದ ಪಟ್ಟಿಯನ್ನು ದನದ ವಿಡಿಯೋಗೆ ಹಾಕಿದರೆ ಹಸುವಿನ ಕಾಯಿಲೆಯೂ ಕಾಯಿಲ್ ಆಗಿಬಿಡುತ್ತದೆ. ಇಲ್ಲಿ ಲಿಪಿಯ ಒಂದು ಸೂಕ್ಷ್ಮವೂ ಇದೆ. "ಸ್ಟಾರ್ಟರ್" ಆದಮೇಲೆ "ಗೆ" ಸೇರಿಸುವಾಗ ನಡುವೆ U+200C ಎಂಬ ಕಾಣದ ಅಕ್ಷರ ಇಡದಿದ್ದರೆ ಅದು "ಸ್ಟಾರ್ಟರ್ಗೆ" ಎಂದು ಒತ್ತಕ್ಷರವಾಗಿ ಕೂಡಿಕೊಳ್ಳುತ್ತದೆ. ಓದಲು ಹಿಂಸೆ. ಹುಡುಕುವಾಗಲೂ ಒಂದು ರೂಪ ಕೊಟ್ಟರೆ ಇನ್ನೊಂದು ಸಿಗುವುದಿಲ್ಲ. ಪಟ್ಟಿಯಲ್ಲಿ ಎರಡನ್ನೂ ಬರೆದಿಡಿ.

ಎಷ್ಟು ಸುಧಾರಿಸಿತು ಎಂದು ಅಳೆಯುವಾಗ ಪದ ತಪ್ಪಿನ ಶೇಕಡಾವಾರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಾನು "ವೋಲ್ಟೇಜ್" ಎಂದು ಬರೆದಿಟ್ಟು ಯಂತ್ರ ಅದನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದರೂ ಲೆಕ್ಕದಲ್ಲಿ ಅದು ತಪ್ಪು, ಓದುವವರಿಗೆ ಏನೂ ನಷ್ಟವಿಲ್ಲ. ಅದೇ "ಮುಟ್ಬಾರ್ದು" ಹೋಗಿ "ಮುಟ್ಬೋದು" ಆದರೆ ಅದೂ ಒಂದೇ ಪದದ ತಪ್ಪು. ಆದರೆ ಅದನ್ನು ಓದಿ ಚಾರ್ಜ್ ಇರುವ ಕೆಪಾಸಿಟರ್ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಅದಕ್ಕೇ ಕೊನೆಯಲ್ಲಿ -ಬೋದು, -ಬಾರ್ದು, -ಬೇಡಿ, ಇಲ್ಲ, -ಅಲ್ಲ ಇರುವ ಸಾಲುಗಳನ್ನೂ, ವೋಲ್ಟೇಜ್, ಎಚ್‌ಪಿ ತರಹದ ಅಂಕಿ ಇರುವ ಸಾಲುಗಳನ್ನೂ ಹುಡುಕಿ ತೆಗೆದು, ಹೆಡ್‌ಫೋನ್ ಹಾಕಿಕೊಂಡು ಒಂದೊಂದಾಗಿ ಕೇಳುತ್ತೇನೆ. ಇಬ್ಬರು ಒಟ್ಟಿಗೆ ಮಾತಾಡಿದ ಜಾಗ, ಗ್ರೈಂಡರ್ ಓಡುವಾಗ ಆಡಿದ ಮಾತು, ಇವಕ್ಕೆ ಮೇಲಿನ ಯಾವ ಉಪಾಯವೂ ನಾಟುವುದಿಲ್ಲ. ಅವನ್ನು ಕೈಯಲ್ಲೇ ಟೈಪ್ ಮಾಡುತ್ತೇನೆ. ಅಣ್ಣನಿಗೂ ಕಾಲರ್ ಮೈಕ್ ಕೊಡಿಸಿದ್ದೇನೆ, ಗ್ರೈಂಡರ್ ನಿಲ್ಲಿಸಿದ ಮೇಲೇ ವಿವರಿಸಿ ಎಂದು ಕೇಳಿಕೊಂಡಿದ್ದೇನೆ.