ಗೆರೆಗಳ ಮಾದರಿ ಒಂದೇ ಆದಾಗ ರಚನೆ ಗುರುತಿಸುವುದು ಹೇಗೆ? ಐಆರ್ ಮತ್ತು ಪ್ರೋಟಾನ್ ಎನ್‌ಎಂಆರ್ ಓದುವ ಕ್ರಮ

ಅಣುಸೂತ್ರ, ಐಆರ್ ಚಿತ್ರ ಮತ್ತು ಪ್ರೋಟಾನ್ ಎನ್‌ಎಂಆರ್ ಚಿತ್ರ ಮೂರನ್ನೂ ಕೊಟ್ಟು ಸಂಯುಕ್ತದ ರಚನೆಯನ್ನು ಕೇಳಿದಾಗ ರಸಾಯನಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲು ಎನ್‌ಎಂಆರ್‌ನ ಸೀಳುಗೆರೆಗಳನ್ನು ನೋಡುತ್ತಾರೆ. ಒಂದು ಕ್ವಾರ್ಟೆಟ್ ಮತ್ತು ಒಂದು ಟ್ರಿಪ್ಲೆಟ್ ಕಂಡೊಡನೆ ‘ಈಥೈಲ್ ಎಸ್ಟರ್’ ಎಂದು ಬರೆದು ಮುಗಿಸುತ್ತಾರೆ. ಈಥೈಲ್ ಗುಂಪು ಇರುವುದು ನಿಜವೇ ಆದರೂ ಅದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದನ್ನು ಸೀಳುಗೆರೆಗಳು ಹೇಳುವುದಿಲ್ಲ. ಅದಕ್ಕಾಗಿ ಈ ಲೇಖನದಲ್ಲಿ ಒಂದೇ ಮಾದರಿಯ ಗೆರೆಗಳನ್ನೂ ಒಂದೇ ಅನುಪಾತವನ್ನೂ ಕೊಡುವ ಎರಡು ಎಸ್ಟರ್‌ಗಳ ನಡುವೆ ಆರಿಸಬೇಕಾದ ಉದಾಹರಣೆಯನ್ನು ತೆಗೆದುಕೊಂಡಿದ್ದೇನೆ.

ಸಂಯುಕ್ತದ ಸೂತ್ರ C10H12O2. ಐಆರ್‌ನಲ್ಲಿ 1740 cm⁻¹ ಸುತ್ತ ಪ್ರಬಲವಾದ ಒಂದು ಪಟ್ಟಿ ಇದೆ. 400 ಮೆಗಾಹರ್ಟ್ಜ್ ಉಪಕರಣದಲ್ಲಿ CDCl3 ದ್ರಾವಕದಲ್ಲಿ ತೆಗೆದ ಎನ್‌ಎಂಆರ್‌ನಲ್ಲಿ ನಾಲ್ಕು ಸಂಕೇತಗಳಿವೆ: 7.35 ಪಿಪಿಎಂ ಸುತ್ತ ಒತ್ತಾಗಿ ಸೇರಿರುವ ಗೆರೆಗಳು, 5.11ರಲ್ಲಿ ಸಿಂಗ್ಲೆಟ್, 2.36ರಲ್ಲಿ ಕ್ವಾರ್ಟೆಟ್, 1.15ರಲ್ಲಿ ಟ್ರಿಪ್ಲೆಟ್.

ಹಂತ 1: ಸೂತ್ರದಿಂದ ಲೆಕ್ಕ

ಹತ್ತು ಕಾರ್ಬನ್‌ಗಳಿಗೆ ಗರಿಷ್ಠ 22 ಹೈಡ್ರೋಜನ್‌ಗಳು ಸಾಧ್ಯ, ಇಲ್ಲಿರುವುದು 12. ಕೊರತೆಯಾದ ಹತ್ತನ್ನು ಎರಡರಿಂದ ಭಾಗಿಸಿದರೆ 5 ಬರುತ್ತದೆ, ಅಂದರೆ ಉಂಗುರಗಳು ಮತ್ತು ದ್ವಿಬಂಧಗಳು ಸೇರಿ ಐದು. ಬೆಂಜೀನ್ ಉಂಗುರವೊಂದೇ ನಾಲ್ಕನ್ನು ತೆಗೆದುಕೊಳ್ಳುವುದರಿಂದ ಉಳಿಯುವುದು ಒಂದು.

ಹಂತ 2: ಐಆರ್‌ಗೆ ಎರಡೇ ಪ್ರಶ್ನೆ

ಐಆರ್ ಚಿತ್ರದ ಪ್ರತಿಯೊಂದು ತಗ್ಗಿಗೂ ಹೆಸರು ಹಚ್ಚಲು ಹೋಗಬೇಡಿ. 1500ಕ್ಕಿಂತ ಕೆಳಗಿನ ಭಾಗದಲ್ಲಿ ಪಟ್ಟಿ ಹಿಡಿದು ಅರ್ಥ ಹುಡುಕುವುದು ಸಮಯ ವ್ಯರ್ಥ; ಅಲ್ಲಿ 1300ರಿಂದ 1050ರ ನಡುವೆ ಕಾರ್ಬನ್–ಆಕ್ಸಿಜನ್ ಬಂಧದ ಪ್ರಬಲ ಪಟ್ಟಿ ಇದೆಯೇ ಎಂದು ನೋಡಿದರೆ ಸಾಕು. ಕೇಳಬೇಕಾದ ಪ್ರಶ್ನೆಗಳು ಎರಡು: ಕಾರ್ಬೊನೈಲ್ ಎಲ್ಲಿದೆ, ಮತ್ತು OH ಇದೆಯೇ.

ಸಾಮಾನ್ಯ ಎಸ್ಟರ್‌ಗಳ ಕಾರ್ಬೊನೈಲ್ 1735ರಿಂದ 1750ರ ನಡುವೆ ಬರುತ್ತದೆ. ಅದು ನೇರವಾಗಿ ಬೆಂಜೀನ್ ಉಂಗುರಕ್ಕೆ ಅಂಟಿಕೊಂಡಿದ್ದರೆ ಉಂಗುರದ ಇಲೆಕ್ಟ್ರಾನ್‌ಗಳೊಂದಿಗೆ ಸಂಯೋಗಗೊಂಡು ದ್ವಿಬಂಧ ತುಸು ಸಡಿಲವಾಗುವುದರಿಂದ ಪಟ್ಟಿ 1720ರ ಸುತ್ತಮುತ್ತಲಿಗೆ ಇಳಿಯುತ್ತದೆ. ಇಲ್ಲಿ 1740 ಇರುವುದರಿಂದ ಬೆಂಜೋಯೇಟ್‌ಗಳನ್ನು, ಉದಾಹರಣೆಗೆ ಇದೇ ಸೂತ್ರದ ಈಥೈಲ್ 4-ಮೀಥೈಲ್‌ಬೆಂಜೋಯೇಟ್ ಅನ್ನು, ಪಕ್ಕಕ್ಕಿಡಬಹುದು. ಕಾರ್ಬಾಕ್ಸಿಲಿಕ್ ಆಮ್ಲವಾಗಿದ್ದರೆ 2500ರಿಂದ 3300ರವರೆಗೆ ಹರಡಿದ ಅಗಲವಾದ ಪಟ್ಟಿ ಕಾಣಬೇಕಿತ್ತು; ಅದೂ ಇಲ್ಲ.

OH ವಿಷಯದಲ್ಲಿ ಎರಡು ಮೋಸಗಳನ್ನು ತಿಳಿದಿರಬೇಕು. ತೇವ ಹಿಡಿದ ಪೊಟ್ಯಾಸಿಯಂ ಬ್ರೋಮೈಡ್‌ನಿಂದ ಬಿಲ್ಲೆ ಮಾಡಿದರೆ 3400ರ ಸುತ್ತ ನೀರಿನ ಅಗಲ ಪಟ್ಟಿ ಬರುತ್ತದೆ, ಜೊತೆಗೆ 1640ರ ಬಳಿಯೂ ನೀರು ತನ್ನ ಗುರುತು ಬಿಡುತ್ತದೆ. ಬಾಟಲಿಯನ್ನು ತೆರೆದಿಟ್ಟು ಬಳಸಿದ ಬ್ರೋಮೈಡ್ ಅನ್ನು ನಾನು ಎಂದೂ ನಂಬುವುದಿಲ್ಲ; ಓವನ್‌ನಲ್ಲಿ ಒಣಗಿಸಿ ಬಳಸಿ. ನಮ್ಮ ಸಂಯುಕ್ತದಂತಹ ದ್ರವಗಳಿಗಂತೂ ಬಿಲ್ಲೆಯೇ ಬೇಡ, ತೆಳುವಾದ ಪದರವಾಗಿ ಹಚ್ಚಿದರೆ ಸಾಕು. ಎರಡನೆಯ ಮೋಸ ಇನ್ನೂ ಸೂಕ್ಷ್ಮ: 1740ರ ಪ್ರಬಲ ಪಟ್ಟಿಯ ಸುಮಾರು ಎರಡರಷ್ಟು ಸ್ಥಾನದಲ್ಲಿ, 3460ರ ಬಳಿ, ಅದರದೇ ಒಂದು ಚಿಕ್ಕ ಮರುಧ್ವನಿ ಕಾಣಿಸುತ್ತದೆ. ಅದು ದುರ್ಬಲವೂ ಕಿರಿದೂ ಆಗಿರುತ್ತದೆ. ಅದನ್ನು ಆಲ್ಕೋಹಾಲ್ ಎಂದು ಗುರುತಿಸಿದವರು ಮುಂದೆ ಇಲ್ಲದ OH ಗುಂಪಿಗಾಗಿ ಎನ್‌ಎಂಆರ್‌ನಲ್ಲಿ ಹುಡುಕಾಡುತ್ತಾರೆ.

ಹಂತ 3: ಇಂಟಿಗ್ರೇಷನ್

ಪ್ರತಿ ಸಂಕೇತದ ಕೆಳಗಿನ ವಿಸ್ತೀರ್ಣವು ಅದರಲ್ಲಿರುವ ಪ್ರೋಟಾನ್‌ಗಳ ಸಂಖ್ಯೆಗೆ ಅನುಪಾತದಲ್ಲಿರುತ್ತದೆ. ನಮ್ಮ ಚಿತ್ರದಲ್ಲಿ ಮೆಟ್ಟಿಲುಗೆರೆಗಳ ಎತ್ತರ ಎಡದಿಂದ ಬಲಕ್ಕೆ 41, 16.5, 16 ಮತ್ತು 24.5 ಮಿಲಿಮೀಟರ್ ಎಂದುಕೊಳ್ಳೋಣ. ಅತಿ ಚಿಕ್ಕ ಸಂಖ್ಯೆಯಿಂದ ಉಳಿದವನ್ನು ಭಾಗಿಸುವ ರೂಢಿಯನ್ನು ಬಿಟ್ಟುಬಿಡಿ. ಹಾಗೆ ಮಾಡಿದರೆ 2.56, 1.03, 1, 1.53 ಎಂಬ ಅರೆಬರೆ ಸಂಖ್ಯೆಗಳು ಬರುತ್ತವೆ, ಮತ್ತು ಚಿಕ್ಕ ಸಂಕೇತದಲ್ಲಿರುವ ಅಳತೆಯ ದೋಷ ಎಲ್ಲಕ್ಕೂ ಹರಡುತ್ತದೆ. ಸೂತ್ರ ಗೊತ್ತಿರುವಾಗ ಒಟ್ಟು ಎತ್ತರವನ್ನು ಒಟ್ಟು ಹೈಡ್ರೋಜನ್‌ಗಳಿಂದಲೇ ಭಾಗಿಸಬೇಕು. 98ನ್ನು 12ರಿಂದ ಭಾಗಿಸಿದರೆ ಒಂದು ಹೈಡ್ರೋಜನ್‌ಗೆ ಸುಮಾರು 8.2 ಮಿಲಿಮೀಟರ್; ಅಲ್ಲಿಂದ 5, 2, 2, 3 ಎಂಬ ಪೂರ್ಣಸಂಖ್ಯೆಗಳು ತಾವಾಗಿಯೇ ಬರುತ್ತವೆ.

5.4 ಅಥವಾ 5.6ರಂತಹ ಸಂಖ್ಯೆ ಬೆಂಜೀನ್ ಭಾಗದಲ್ಲಿ ಬಂದರೆ ಗಾಬರಿಯಾಗಬೇಡಿ. CDCl3ನಲ್ಲಿ ಉಳಿದಿರುವ ಸಾಮಾನ್ಯ ಕ್ಲೋರೋಫಾರ್ಮ್ 7.26ರಲ್ಲಿ, ಅದೇ ಗುಂಪಿನೊಳಗೆ ಬರುತ್ತದೆ. ಮಾದರಿ ತೆಳುವಾದಷ್ಟೂ ಅದರ ಪಾಲು ಹೆಚ್ಚು. ಅದೇ ರೀತಿ 1.56ರ ಬಳಿಯ ಸಿಂಗ್ಲೆಟ್ ದ್ರಾವಕದಲ್ಲಿರುವ ನೀರಿನದು. ಎಷ್ಟೋ ಸಲ ತೆರೆದು ಮುಚ್ಚಿದ ಹಳೆಯ CDCl3 ಬಾಟಲಿಯಲ್ಲಿ ಈ ಗೆರೆ ದೊಡ್ಡದಾಗಿರುತ್ತದೆ, ಅಂಥದ್ದನ್ನು ಬಳಸದಿರುವುದೇ ಒಳ್ಳೆಯದು.

ಹಂತ 4: ಸೀಳುಗೆರೆಗಳು

ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ. ಒಂದು ಸಂಕೇತದ ಇಂಟಿಗ್ರೇಷನ್ ಆ ಪ್ರೋಟಾನ್‌ಗಳು ಎಷ್ಟು ಎಂಬುದನ್ನು ಹೇಳುತ್ತದೆ; ಅದರ ಸೀಳು ಪಕ್ಕದ ಕಾರ್ಬನ್‌ನಲ್ಲಿ ಎಷ್ಟು ಪ್ರೋಟಾನ್‌ಗಳಿವೆ ಎಂಬುದನ್ನು ಹೇಳುತ್ತದೆ. ಟ್ರಿಪ್ಲೆಟ್ ಕಂಡಾಗ ‘ಮೂರು ಹೈಡ್ರೋಜನ್’ ಎನ್ನುವುದು ಈ ಎರಡನ್ನು ಕಲಸಿಹಾಕಿದ್ದರ ಫಲ. ಈಥೈಲ್ ಗುಂಪಿನ CH3 ಟ್ರಿಪ್ಲೆಟ್ ಆಗಿರುವುದು ಅದರಲ್ಲಿ ಮೂರು ಹೈಡ್ರೋಜನ್ ಇರುವುದರಿಂದಲ್ಲ, ಅದರ ಪಕ್ಕದ ಕಾರ್ಬನ್‌ನಲ್ಲಿ ಎರಡು ಇರುವುದರಿಂದ. ಪಕ್ಕದ ಪ್ರೋಟಾನ್‌ಗಳ ಸಂಖ್ಯೆಗೆ ಒಂದನ್ನು ಕೂಡಿದರೆ ಗೆರೆಗಳ ಸಂಖ್ಯೆ ಸಿಗುತ್ತದೆ. ಓದುವಾಗ ಗೆರೆಗಳಿಂದ ಒಂದನ್ನು ಕಳೆಯಬೇಕು.

ಗೆರೆಗಳನ್ನು ಎಣಿಸುವುದೂ ಅಷ್ಟು ಸುಲಭವಲ್ಲ. ಕ್ವಾರ್ಟೆಟ್‌ನ ನಾಲ್ಕು ಗೆರೆಗಳ ಎತ್ತರ 1:3:3:1 ಅನುಪಾತದಲ್ಲಿರುವುದರಿಂದ ಹೊರಗಿನ ಎರಡು ಗಿಡ್ಡವಾಗಿರುತ್ತವೆ. ಮಾದರಿ ತೆಳುವಾಗಿದ್ದರೆ ಅವು ಗದ್ದಲದಲ್ಲಿ ಮುಳುಗಿ ಒಳಗಿನ ಎರಡು ಮಾತ್ರ ಉಳಿದು ಡಬ್ಲೆಟ್‌ನಂತೆ ಕಾಣುತ್ತವೆ. ಚಿತ್ರವನ್ನು ಲಂಬವಾಗಿ ಹಿಗ್ಗಿಸಿ ನೋಡದೆ ಗೆರೆಗಳ ಸಂಖ್ಯೆಯನ್ನು ಬರೆಯಬೇಡಿ.

ನಂತರ ಜೋಡಿ ಹುಡುಕಬೇಕು. ಪರಸ್ಪರ ಸೀಳುವ ಎರಡು ಗುಂಪುಗಳಲ್ಲಿ ಗೆರೆಗಳ ನಡುವಿನ ಅಂತರ ಒಂದೇ ಆಗಿರಲೇಬೇಕು, ಮತ್ತು ಅದನ್ನು ಪಿಪಿಎಂನಲ್ಲಲ್ಲ, ಹರ್ಟ್ಜ್‌ನಲ್ಲಿ ಬರೆಯಬೇಕು. ನಮ್ಮ ಕ್ವಾರ್ಟೆಟ್‌ನ ಗೆರೆಗಳು 2.389, 2.370, 2.351 ಮತ್ತು 2.332ರಲ್ಲಿವೆ. ಅಂತರ 0.019 ಪಿಪಿಎಂ, 400 ಮೆಗಾಹರ್ಟ್ಜ್ ಉಪಕರಣದಲ್ಲಿ ಒಂದು ಪಿಪಿಎಂ ಎಂದರೆ 400 ಹರ್ಟ್ಜ್ ಆದ್ದರಿಂದ ಇದು 7.6 ಹರ್ಟ್ಜ್. ಟ್ರಿಪ್ಲೆಟ್‌ನ ಗೆರೆಗಳು 1.169, 1.150 ಮತ್ತು 1.131; ಇಲ್ಲಿಯೂ 7.6 ಹರ್ಟ್ಜ್. ಅಂತರ ಕೂಡಿಬಂದದ್ದರಿಂದ ಇವೆರಡೂ ಒಂದೇ CH2CH3 ಗುಂಪಿನವು ಎಂಬುದಕ್ಕೆ ಒಳ್ಳೆಯ ಆಧಾರ ಸಿಕ್ಕಿತು. ಈ ಅಂತರಗಳನ್ನು ಅಳೆಯದೆ ಕ್ವಾರ್ಟೆಟ್ ಮತ್ತು ಟ್ರಿಪ್ಲೆಟ್ ಎರಡೂ ಇವೆ ಎಂದಷ್ಟೇ ನೋಡಿದರೆ, ಉತ್ಪನ್ನವನ್ನು ತೊಳೆಯಲು ಬಳಸಿದ ಈಥೈಲ್ ಅಸಿಟೇಟ್ ಪೂರ್ತಿ ಆವಿಯಾಗದೆ ಉಳಿದಿರುವಾಗ ಅದರ 4.12 ಮತ್ತು 1.26ರ ಗೆರೆಗಳನ್ನೂ ಅಣುವಿನ ಭಾಗವೆಂದು ಎಣಿಸಿಬಿಡುವ ಅಪಾಯವಿದೆ. 2.04ರಲ್ಲಿ ಒಂದು ಸಿಂಗ್ಲೆಟ್ ಜೊತೆಗಿದೆಯೇ ಎಂದು ನೋಡಿದರೆ ಆ ಕಲಬೆರಕೆ ಗೊತ್ತಾಗುತ್ತದೆ.

5.11ರ ಎರಡು ಪ್ರೋಟಾನ್‌ಗಳು ಸಿಂಗ್ಲೆಟ್. ಅಂದರೆ ಆ CH2ನ ಎರಡೂ ಬದಿಯ ಪರಮಾಣುಗಳಲ್ಲಿ ಪ್ರೋಟಾನ್ ಇಲ್ಲ. ಐದು ಪ್ರೋಟಾನ್‌ಗಳ ಬೆಂಜೀನ್ ಗುಂಪು ಎಂದರೆ ಉಂಗುರಕ್ಕೆ ಒಂದೇ ಕಡೆ ಏನೋ ಅಂಟಿದೆ. ಕೈಯಲ್ಲಿರುವ ತುಂಡುಗಳು ಇಷ್ಟು: C6H5, ಒಂಟಿ CH2, CH2CH3 ಮತ್ತು ಎಸ್ಟರ್‌ನ CO2. ಎಲ್ಲವನ್ನೂ ಕೂಡಿದರೆ C10H12O2 ಸರಿಯಾಗಿ ಬರುತ್ತದೆ.

ಹಂತ 5: ತುಂಡುಗಳನ್ನು ಜೋಡಿಸುವುದು

ಈ ತುಂಡುಗಳನ್ನು ಜೋಡಿಸಿದರೆ ಸಿಗುವುದು ಎರಡು ಎಸ್ಟರ್‌ಗಳು:

```
C6H5-CH2-CO-O-CH2-CH3    ಈಥೈಲ್ ಫಿನೈಲ್‌ಅಸಿಟೇಟ್
C6H5-CH2-O-CO-CH2-CH3    ಬೆಂಜೈಲ್ ಪ್ರೊಪನೋಯೇಟ್
```

ಎರಡರಲ್ಲೂ ಅನುಪಾತ 5:2:2:3. ಎರಡರಲ್ಲೂ ಒಂದು ಸಿಂಗ್ಲೆಟ್, ಒಂದು ಕ್ವಾರ್ಟೆಟ್, ಒಂದು ಟ್ರಿಪ್ಲೆಟ್. ಐಆರ್ ಕೂಡ ಇವನ್ನು ಬೇರ್ಪಡಿಸಲಾರದು, ಏಕೆಂದರೆ ಎರಡರಲ್ಲೂ ಕಾರ್ಬೊನೈಲ್ ಮತ್ತು ಉಂಗುರದ ನಡುವೆ CH2 ಇದ್ದು ಸಂಯೋಗ ಕಡಿದಿದೆ. ಈಗ ನೋಡಬೇಕಾದದ್ದು ಪಿಪಿಎಂ ಅಕ್ಷದ ಮೇಲಿನ ಸ್ಥಾನ ಒಂದನ್ನೇ.

ಉದ್ದುದ್ದ ಕೋಷ್ಟಕಗಳನ್ನು ಬಾಯಿಪಾಠ ಮಾಡುವ ಬದಲು ಕೆಲವೇ ಸ್ಥಾನಗಳನ್ನು ಕಾರಣಸಹಿತ ನೆನಪಿಡಿ ಎಂಬುದು ನನ್ನ ದೃಢವಾದ ಸಲಹೆ. ಎಸ್ಟರ್‌ನ ಆಕ್ಸಿಜನ್‌ಗೆ ಅಂಟಿದ CH2 ಸುಮಾರು 4.1ರಲ್ಲಿ ಬರುತ್ತದೆ, ಏಕೆಂದರೆ ಆಕ್ಸಿಜನ್ ಇಲೆಕ್ಟ್ರಾನ್‌ಗಳನ್ನು ಸೆಳೆದುಕೊಂಡು ಪ್ರೋಟಾನ್‌ನ ಮರೆಯನ್ನು ತೆಳುಗೊಳಿಸುತ್ತದೆ. ಕಾರ್ಬೊನೈಲ್‌ಗೆ ಅಂಟಿದ CH2 ಸುಮಾರು 2.3ರಲ್ಲಿ. ಬೆಂಜೀನ್ ಉಂಗುರವೂ ಪಕ್ಕದಲ್ಲಿದ್ದರೆ ಎರಡೂ ಸಂದರ್ಭಗಳಲ್ಲಿ ಸ್ಥಾನ ಒಂದು ಅಥವಾ ಅದಕ್ಕಿಂತ ತುಸು ಹೆಚ್ಚು ಪಿಪಿಎಂ ಎಡಕ್ಕೆ ಸರಿಯುತ್ತದೆ: ಆಕ್ಸಿಜನ್ ಮತ್ತು ಉಂಗುರದ ನಡುವಿನ CH2 ಸುಮಾರು 5.1, ಕಾರ್ಬೊನೈಲ್ ಮತ್ತು ಉಂಗುರದ ನಡುವಿನದು ಸುಮಾರು 3.6.

ಹಾಗಾಗಿ ಈಥೈಲ್ ಫಿನೈಲ್‌ಅಸಿಟೇಟ್ ಆಗಿದ್ದರೆ ಸಿಂಗ್ಲೆಟ್ 3.6ರಲ್ಲೂ ಕ್ವಾರ್ಟೆಟ್ 4.15ರಲ್ಲೂ ಇರಬೇಕಿತ್ತು. ನಮ್ಮಲ್ಲಿ ಸಿಂಗ್ಲೆಟ್ 5.11, ಕ್ವಾರ್ಟೆಟ್ 2.36. ಸಂಯುಕ್ತ ಬೆಂಜೈಲ್ ಪ್ರೊಪನೋಯೇಟ್. ಎರಡೂ CH2ಗಳನ್ನು ಪರೀಕ್ಷಿಸಿ, ಒಂದರಿಂದಲೇ ತೀರ್ಮಾನಿಸಬೇಡಿ. ಆಕ್ಸಿಜನ್ ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರಲಾರದು, ಆದ್ದರಿಂದ ಒಂದು ಸಂಕೇತ ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ ಬರಲೇಬೇಕು. ಎರಡೂ ಒಟ್ಟಿಗೆ ಹೊಂದದಿದ್ದರೆ ತುಂಡುಗಳ ಪಟ್ಟಿಯಲ್ಲೇ ತಪ್ಪಿದೆ ಎಂದು ತಿಳಿದು ಮೂರನೆಯ ಹಂತಕ್ಕೆ ಹಿಂದಿರುಗಿ.

ಹಂತ 6: ಉತ್ತರವನ್ನು ಬೀಳಿಸಲು ಯತ್ನಿಸುವುದು

ಉತ್ತರ ಸಿಕ್ಕಿತೆಂದು ಪುಟ ತಿರುಗಿಸುವ ಮೊದಲು ಇದೇ ಅನುಪಾತ ಕೊಡುವ, ಎಸ್ಟರ್ ಅಲ್ಲದ ರಚನೆ ಇದೆಯೇ ಎಂದು ಕೇಳಿ. ಇದೆ: C6H5-O-CH2-CO-CH2-CH3. ಇದರಲ್ಲೂ 5:2:2:3, ಇದರಲ್ಲೂ ಸಿಂಗ್ಲೆಟ್, ಕ್ವಾರ್ಟೆಟ್, ಟ್ರಿಪ್ಲೆಟ್. ಆದರೆ ಉಂಗುರಕ್ಕೆ ನೇರವಾಗಿ ಅಂಟಿದ ಆಕ್ಸಿಜನ್ ತನ್ನ ಇಲೆಕ್ಟ್ರಾನ್‌ಗಳನ್ನು ಉಂಗುರದೊಳಕ್ಕೆ ತಳ್ಳುವುದರಿಂದ ಐದರಲ್ಲಿ ಮೂರು ಪ್ರೋಟಾನ್‌ಗಳು 6.9ರ ಆಸುಪಾಸಿಗೆ ಇಳಿದು ಬೆಂಜೀನ್ ಭಾಗ ಎರಡು ಗುಂಪಾಗಿ ಒಡೆಯುತ್ತದೆ. ನಮ್ಮ ಚಿತ್ರದಲ್ಲಿ ಐದೂ 7.35ರ ಸುತ್ತ ಇಕ್ಕಟ್ಟಾಗಿ ಕೂಡಿಕೊಂಡಿವೆ, 7ಕ್ಕಿಂತ ಕೆಳಗೆ ಏನೂ ಇಲ್ಲ. ಸಿಂಗ್ಲೆಟ್ ಕೂಡ ಆ ಕೀಟೋನ್‌ನಲ್ಲಿ 4.5ರ ಹತ್ತಿರ ಬರುತ್ತಿತ್ತು. ಆದ್ದರಿಂದ ಅದನ್ನೂ ಕೈಬಿಟ್ಟು ಪ್ರತಿ ಸಂಕೇತಕ್ಕೂ ರಚನೆಯ ಮೇಲೆ ಅದರ ಪ್ರೋಟಾನ್‌ಗಳನ್ನು ಗುರುತು ಹಾಕಿ, ಒಟ್ಟು 12 ಆಗುವುದನ್ನು ನೋಡಿಕೊಂಡು ಬೆಂಜೈಲ್ ಪ್ರೊಪನೋಯೇಟ್ ಎಂದು ಬರೆಯಬಹುದು.