ಅರ್ಧ ಕಿಲೋಮೀಟರ್ ಹಳಿಯಲ್ಲಿ ಐದು ಸೆಂಟಿಮೀಟರ್ ಜಾಸ್ತಿ ಉಕ್ಕು

ಮಂಡ್ಯಕ್ಕೂ ಮೈಸೂರಿಗೂ ನಡುವೆ ಒಂದು ತಿರುವಿದೆ. ಸರಿಯಾಗಿ ಎಲ್ಲಿ ಅಂತ ಹೇಳೋದಿಲ್ಲ. ಪ್ರತಿ ಏಪ್ರಿಲ್ ಬಂತು ಅಂದರೆ ಅಲ್ಲಿ ಹಳಿ ತಿರುವಿನ ಹೊರಗಡೆಗೆ ಸರಿಯುತ್ತಿತ್ತು. ಪ್ರತಿ ಸಲವೂ ಒಂದೇ ಔಷಧ: ಇನ್ನಷ್ಟು ಜಲ್ಲಿ ಸುರಿಯೋದು. ನಾನು ಹಳಿ ಕೆಲಸ ಹಿಡಿಯೋ ಸಣ್ಣ ಗುತ್ತಿಗೆದಾರ, ನಮ್ಮ ಗ್ಯಾಂಗಿನಲ್ಲಿ ನಲವತ್ತು ಜನ. ಜಲ್ಲಿ ಸುರಿದರೆ ನನಗೇ ದುಡ್ಡು. ಆದರೂ "ಇದು ಜಲ್ಲಿ ಕಡಿಮೆಯಾಗಿ ಆಗ್ತಿರೋದಲ್ಲ, ಹಳಿಯಲ್ಲೇ ಉಕ್ಕು ಜಾಸ್ತಿ ಇದೆ" ಅಂತ ಹೇಳಿದವನು ನಾನೊಬ್ಬನೇ. ಎಲ್ಲರೂ ನಕ್ಕರು. ಈಗ ಬೇಸಿಗೆ ಕಳೆದಿದೆ, ತಿರುವು ಅಲ್ಲಾಡಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಅನುಮಾನ ಬಂದಿದ್ದು ಜಲ್ಲಿ ನೋಡಿಯೇ. ಸ್ಲೀಪರ್ ತುದಿಯಾಚೆ ತಿರುವಿನ ಹೊರಬದಿಗೆ ಅರ್ಧ ಮೀಟರ್ ಜಲ್ಲಿ ಇರಬೇಕು, ಅಲ್ಲಿ ಅದಕ್ಕಿಂತ ಜಾಸ್ತಿಯೇ ಇತ್ತು. ಆದರೆ ಒಳಬದಿಯ ಸ್ಲೀಪರ್ ತುದಿಗಳನ್ನು ಬಗ್ಗಿ ನೋಡಿದರೆ ಜಲ್ಲಿಗೂ ಕಾಂಕ್ರೀಟಿಗೂ ನಡುವೆ ಬೆರಳಗಲ ಸಂದು. ಮಧ್ಯಾಹ್ನ ಹೊರಗೆ ತಳ್ಳುತ್ತೆ, ಬೆಳಿಗ್ಗೆ ತಣ್ಣಗಾದಾಗ ಪೂರ್ತಿ ವಾಪಸ್ ಬರೋದಿಲ್ಲ. ಬಕ್ಲಿಂಗ್ ಆಗಿ ಸೊಟ್ಟಗಾಗೋ ಮೊದಲು ಹಳಿ ಕೊಡೋ ಸೂಚನೆ ಇದೇ. ಜಲ್ಲಿ ಎಷ್ಟೇ ಇರಲಿ, ತಳ್ಳೋ ಬಲ ದಿನಾ ಅದನ್ನು ಪರೀಕ್ಷೆ ಮಾಡುತ್ತಿದ್ದರೆ ಒಂದು ದಿನ ಜಲ್ಲಿ ಸೋಲುತ್ತೆ.

ಮೂಲಪಾಠ ಎಲ್ಲ ನಿಮಗೆ ಗೊತ್ತು. ಉದ್ದಕ್ಕೂ ವೆಲ್ಡ್ ಮಾಡಿದ ಹಳಿಗೆ ಹಿಗ್ಗಲು ಜಾಗ ಇಲ್ಲ, ಆ ಹಿಗ್ಗೆಲ್ಲ ಒಳಗೇ ಒತ್ತಡವಾಗುತ್ತೆ. ಅದಕ್ಕೇ ಹಾಕುವಾಗಲೇ ಎಳೆದು ಕೂರಿಸೋದು. ಎಳೆತವೂ ಇಲ್ಲದ, ಒತ್ತಡವೂ ಇಲ್ಲದ ಉಷ್ಣತೆ ಸುಮಾರು 42 ಡಿಗ್ರಿಗೆ ಬರಬೇಕು, ನಮ್ಮ ಕಡೆಗೆ ಅಷ್ಟು ಇಟ್ಟುಕೊಂಡರೆ ಸರಿ. ಮೀಟರಿಗೆ 60 ಕೆಜಿ ತೂಗೋ ಹಳಿಯಲ್ಲಿ ಒಂದು ಡಿಗ್ರಿಗೆ ಹತ್ತಿರ ಹತ್ತಿರ 1.9 ಟನ್ ಬಲ. ಏಪ್ರಿಲ್‌ ಮಧ್ಯಾಹ್ನ ಹಳಿ 60 ಡಿಗ್ರಿ ಮುಟ್ಟಿದರೆ 18 ಡಿಗ್ರಿ ಜಾಸ್ತಿ, ಅಂದರೆ ಒಂದು ಹಳಿಯಲ್ಲಿ 34 ಟನ್ ಒತ್ತಡ. ಇದನ್ನು ಜಲ್ಲಿ ತಡೆಯುತ್ತೆ. ಆದರೆ ಆ 42 ಯಾವುದೋ ಕಾರಣಕ್ಕೆ 33ಕ್ಕೆ ಇಳಿದಿದ್ದರೆ? ಅದೇ ಬಿಸಿಲಿಗೆ 51 ಟನ್. ಎರಡೂ ಹಳಿ ಸೇರಿದರೆ ನೂರು ದಾಟಿತು.

ಇಳಿದಿದ್ದು ಹೇಗೆ ಅನ್ನೋದೇ ಜನ ಒಪ್ಪದ ಭಾಗ. ಹಿಂದಿನ ಚಳಿಗಾಲಗಳಲ್ಲಿ ಆ ಜಾಗದಲ್ಲಿ ಎರಡು ಕಡೆ ವೆಲ್ಡ್ ಮುರಿದಿತ್ತು. ಬೆಳಗಿನ ಜಾವ ಹಳಿ ತಣ್ಣಗಿದ್ದು ಎಳೆದುಕೊಂಡಿರುತ್ತಲ್ಲ, ಮುರಿದ ಕೂಡಲೇ ಬಾಯಿ ಬಿಡುತ್ತೆ. ಇಲ್ಲಿ ಒಂದೊಂದು ಕಡೆ 25 ಮಿ.ಮೀ. ಆಸುಪಾಸು ಬಿಟ್ಟಿರಬೇಕು. ರೈಲು ನಿಂತಿದೆ, ಮೇಲಿನವರು ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಆಗ ಏನು ಮಾಡುತ್ತಾರೆ? ಮುರಿದ ಭಾಗ ಕತ್ತರಿಸಿ, ಆ ಬಿಟ್ಟ ಬಾಯಿಯ ಅಳತೆಯನ್ನೂ ಸೇರಿಸಿ ಹೊಸ ತುಂಡು ಕೂರಿಸಿ, ಎರಡು ಕಡೆ ಥರ್ಮಿಟ್ ವೆಲ್ಡ್ ಹೊಡೆದು ಗಾಡಿ ಬಿಡುತ್ತಾರೆ. ಕೆಲಸ ಗಟ್ಟಿ, ವೆಲ್ಡ್ ಚೆನ್ನಾಗಿದೆ. ಆದರೆ ಹೊರಗೆ ತೆಗೆದ ಉಕ್ಕಿಗಿಂತ ಒಳಗೆ ಹೋದ ಉಕ್ಕು 25 ಮಿ.ಮೀ. ಜಾಸ್ತಿ. ಆಮೇಲೆ ಬಂದು ಹಳಿ ಎಳೆಯೋ ಯಂತ್ರ ಟೆನ್ಸರ್ ಹಾಕಿ ಎಳೆದು ಆ ಜಾಸ್ತಿಯನ್ನು ತೆಗೆಯಬೇಕು. ಅದು ಯಾವಾಗಲೂ "ಮುಂದಿನ ವಾರ".

ಇದರಿಂದ ಆಗೋ ಇನ್ನೊಂದು ಅಪಾಯ ನೋಡಿ. ರಿಜಿಸ್ಟರಿನಲ್ಲಿ ಮಾತ್ರ ಇನ್ನೂ 42 ಅಂತಲೇ ಇರುತ್ತೆ. ಆ ಅಂಕಿಗಿಂತ 10 ಡಿಗ್ರಿ ಮೇಲಕ್ಕೆ ಹೋದರೆ ಜಲ್ಲಿ ಕೆದಕೋ ಕೆಲಸ ಮಾಡಬಾರದು, 20 ಮೇಲಕ್ಕೆ ಹೋದರೆ ಬಿಸಿಲು ಗಸ್ತು ಶುರು ಮಾಡಬೇಕು. ಅಂದರೆ ಪುಸ್ತಕದ ಪ್ರಕಾರ 52ರ ತನಕ ಕೆದಕಬಹುದು, 62 ದಾಟಿದರೆ ಗಸ್ತು. ನಮ್ಮ ಮಂಡ್ಯದಲ್ಲಿ ಹಳಿ 62 ದಾಟೋದು ಎಲ್ಲಿ? ಹಾಗಾಗಿ ಗಸ್ತೇ ಇಲ್ಲ. ನಿಜವಾದ ಅಂಕಿ 33 ಆಗಿದ್ದರೆ 43ಕ್ಕೇ ಕೆಲಸ ನಿಲ್ಲಿಸಬೇಕಿತ್ತು, 53ಕ್ಕೆ ಗಸ್ತು ಹೊರಡಬೇಕಿತ್ತು. ಆ 53 ಏಪ್ರಿಲ್‌ನಲ್ಲಿ ಹೆಚ್ಚುಕಡಿಮೆ ದಿನಾ ಬರುತ್ತೆ. ಪಾಪ, ಗ್ಯಾಂಗಿನವರು ನಿಯಮ ಪಾಲಿಸಿಕೊಂಡೇ ಅಪಾಯದಲ್ಲಿ ಕೆಲಸ ಮಾಡುತ್ತಿದ್ದರು.

ಇದನ್ನೆಲ್ಲ ಹೇಳಿದಾಗ ಗ್ಯಾಂಗ್ ನಡೆಸೋ ನಮ್ಮ ಹಳೇ ಮೇಟ್ "ಹಳಿ ಏನು ಕಬ್ಬಾ ಸಾರ್, ಬೆಳೆಯೋಕೆ? ಸುಮ್ನೆ ಇನ್ನೆರಡು ಲೋಡ್ ಜಲ್ಲಿ ಹಾಕ್ಸಿ" ಅಂದರು. "ಬೆಳೆದಿಲ್ಲ ಅಣ್ಣ, ನಾವೇ ಸೇರಿಸಿದ್ದೀವಿ" ಅಂದೆ. ಒಪ್ಪಲಿಲ್ಲ. ಇನ್ನು ಕೆಲವರದ್ದು ಬೇರೆ ವಾದ: ಹನ್ನೊಂದು ಗಂಟೆ ಬಿಸಿಲಲ್ಲಿ ಕ್ಲಿಪ್ ಬಿಚ್ಚಿ ರೋಲರ್ ಮೇಲಿಟ್ಟರೆ ಹಳಿ ತಾನಾಗೇ 42ಕ್ಕೆ ಬರುತ್ತೆ, ಟೆನ್ಸರ್ ಬಾಡಿಗೆ ಯಾಕೆ ದಂಡ? ಅದನ್ನೂ ಮಾಡಿ ನೋಡಿದ್ದೇನೆ. ಬಿಚ್ಚೋಕೆ ಶುರು ಮಾಡಿದಾಗ 38, ಮುಗಿಸಿ ಕಟ್ಟೋ ಹೊತ್ತಿಗೆ 47. ಯಾವ ಅಂಕಿಯನ್ನು ಬರೆದುಕೊಳ್ಳಬೇಕು? ಅದೂ ಅಲ್ಲದೆ ಆ ತಿರುವಿನ ಒಂದು ಪಕ್ಕ ತೆಂಗಿನ ಸಾಲು. ನೆರಳು ಬಿದ್ದ ಕಡೆ ಥರ್ಮಾಮೀಟರ್ ಆರೇಳು ಡಿಗ್ರಿ ಕಡಿಮೆ ತೋರಿಸುತ್ತೆ. ಒಂದೇ ಹಳಿಯಲ್ಲಿ ಎರಡು ಹವಾಮಾನ. ಬೆಳಗಿನ ಜಾವ ಹಾಗಲ್ಲ, ಉದ್ದಕ್ಕೂ ಒಂದೇ ಅಂಕಿ, ಗಂಟೆಗಟ್ಟಲೆ ಹೆಚ್ಚು ಬದಲಾಗೋದಿಲ್ಲ. ಉಳಿದ ಕೊರತೆಯನ್ನು ಟೆನ್ಸರಿನಲ್ಲಿ ಎಳೆದುಕೊಂಡರಾಯಿತು.

ಬ್ಲಾಕ್, ಅಂದರೆ ಗಾಡಿ ನಿಲ್ಲಿಸಿ ಕೆಲಸಕ್ಕೆ ಲೈನ್ ಬಿಟ್ಟುಕೊಡೋ ಹೊತ್ತು, ಸಿಕ್ಕೋದೇ ಒಂದು ತಪಸ್ಸು. ಮೊದಲ ಬ್ಲಾಕ್ ಕೊನೇ ಗಳಿಗೆಯಲ್ಲಿ ರದ್ದಾಯಿತು. ನಲವತ್ತು ಜನರ ಕೂಲಿ, ಊಟ, ಟೆನ್ಸರ್, ಜನರೇಟರ್, ಟೆಂಪೊ ಬಾಡಿಗೆ ಸೇರಿ ಸುಮಾರು 60 ಸಾವಿರ ನೀರಿಗೆ ಹೋಯಿತು. ಕೆಲಸ ಆಗದಿದ್ದರೆ ಬಿಲ್ಲಿಲ್ಲ. ಆಮೇಲೆ ಸಿಕ್ಕ ಬ್ಲಾಕಿನಲ್ಲಿ ಹಳಿ ಕತ್ತರಿಸಿ ಎಳೆದೆವು, ಆದರೆ ಎಳೆತ ದೂರಕ್ಕೆ ಹೋಗಲೇ ಇಲ್ಲ. ಟೆನ್ಸರ್ ಪಕ್ಕದ ಹಳಿ ಮಾತ್ರ ಜಗ್ಗಿ ಬಂತು, ನೂರೈವತ್ತು ಮೀಟರ್ ಆಚೆಗೆ ಗುರುತು ಅಲ್ಲಾಡಿರಲಿಲ್ಲ. ಹಳಿಯ ಕೆಳಗಿನ ರಬ್ಬರ್ ಪ್ಯಾಡ್ ಅದಕ್ಕೆ ಅಂಟಿಕೊಂಡಿತ್ತು. ಹಾಗೇ ವೆಲ್ಡ್ ಹಾಕಿದ್ದರೆ ಹತ್ತಿರದಲ್ಲಿ ಎಳೆತ ಮಿತಿಮೀರಿ, ದೂರದಲ್ಲಿ ಹಳೇ ಒತ್ತಡ ಹಾಗೇ ಉಳಿಯುತ್ತಿತ್ತು. ಎಳೆತ ಬಿಟ್ಟು, ಇದ್ದಂತೆ ಜೋಡಿಸಿ, ವಾಪಸ್ ಬಂದೆವು. ಆವತ್ತು ನಕ್ಕವರ ಲೆಕ್ಕ ಇಡಲಿಲ್ಲ.

ಗೆದ್ದ ದಿನದ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಕತ್ತರಿಸೋ ಜಾಗದಿಂದ ಎರಡೂ ಕಡೆ 250 ಮೀಟರ್, ಒಟ್ಟು 500. ನೂರು ಮೀಟರಿಗೊಂದು ಗೂಟ ನೆಟ್ಟು ಹಳಿಯ ಮೇಲೆ ಗುರುತು. ಹಳಿಯ ಉಷ್ಣತೆ 29. ಕ್ಲಿಪ್ ಎಲ್ಲ ಬಿಚ್ಚಿ, ಹಳಿ ಕತ್ತರಿಸಿ, ಎತ್ತಿ ರೋಲರ್ ಕೊಟ್ಟು, ಮರದ ಸುತ್ತಿಗೆಯಲ್ಲಿ ಬಡಿದು ಬಿಡಿಸಿದೆವು. ಆಗ ಬಾಯಿ ಎಷ್ಟು ಬಿಡುತ್ತೆ ಅನ್ನೋದೇ ತೀರ್ಪು. ಉಕ್ಕು 100 ಮೀಟರಿಗೆ ಒಂದು ಡಿಗ್ರಿಗೆ 1.15 ಮಿ.ಮೀ. ಹಿಗ್ಗುತ್ತೆ, 500ಕ್ಕೆ 5.76. ರಿಜಿಸ್ಟರಿನ 42 ನಿಜವಾಗಿದ್ದರೆ 13 ಡಿಗ್ರಿಗೆ 75 ಮಿ.ಮೀ. ಬಾಯಿ ಬಿಡಬೇಕಿತ್ತು. ಕತ್ತರಿಸಿದ ಅಗಲ ಕಳೆದರೆ ಬಿಟ್ಟಿದ್ದು 22. ಅದನ್ನು 5.76ರಿಂದ ಭಾಗಿಸಿ, ಹತ್ತಿರ ಹತ್ತಿರ 4 ಡಿಗ್ರಿ. 29ಕ್ಕೆ 4 ಸೇರಿದರೆ 33! ಮೇಟ್ ಅಣ್ಣನ ಕೈಗೇ ಟೇಪ್ ಕೊಟ್ಟು ಅಳೆಸಿದೆ. ಅವರು ಎರಡು ಸಲ ಅಳೆದರು, ಆಮೇಲೆ ಜಲ್ಲಿ ಮಾತು ಎತ್ತಲಿಲ್ಲ.

ಮುಂದಿನದು ಸುಲಭ. ಎಳೆಯಬೇಕಾದ್ದು 75, ವೆಲ್ಡಿಗೆ 25, ಒಟ್ಟು 100 ಮಿ.ಮೀ. ಬಾಯಿ ಬೇಕು. 22 ಇದೆ, ಮೊದಲು ಕತ್ತರಿಸಿದ ಅಗಲವೂ ಸೇರಿ ಇನ್ನು 78 ಕತ್ತರಿಸಿದೆವು. ಅದರಲ್ಲಿ 25 ವೆಲ್ಡಿನಲ್ಲಿ ವಾಪಸ್ ಬರುತ್ತೆ. ಉಳಿದ 53 ಮಿ.ಮೀ.ಯೇ ಆ ಎರಡು ಚಳಿಗಾಲದ ರಿಪೇರಿಯಲ್ಲಿ ಸೇರಿಕೊಂಡಿದ್ದ ಜಾಸ್ತಿ ಉಕ್ಕು. ಕತ್ತರಿಸಿ ತೆಗೆದ ತುಂಡು ಈಗ ನನ್ನ ಮೇಜಿನ ಮೇಲೆ ಪೇಪರ್ ವೆಯ್ಟ್ ಆಗಿ ಕೂತಿದೆ, ಬಂದವರೆಲ್ಲ ಕೇಳಲಿ ಅಂತಲೇ ಇಟ್ಟಿದ್ದೇನೆ.

ಎಳೆಯುವಾಗ ಟೆನ್ಸರಿನ ಮೀಟರ್ ನೋಡಿ ಖುಷಿಪಡಬೇಡಿ. 13 ಡಿಗ್ರಿಗೆ 25 ಟನ್ ಅಷ್ಟೇ ಬೇಕು, 70 ಟನ್ನಿನ ಟೆನ್ಸರಿಗೆ ಅದು ಲೆಕ್ಕಕ್ಕಿಲ್ಲ. ನೋಡಬೇಕಾದ್ದು ಗೂಟಗಳನ್ನು. ಕಟ್ಟಿಹಾಕಿದ ತುದಿಯಿಂದ 100 ಮೀಟರಿನಲ್ಲಿ ಗುರುತು 15 ಮಿ.ಮೀ. ಸರಿದಿರಬೇಕು, 200ರಲ್ಲಿ 30, ಬಾಯಿಯ ಹತ್ತಿರ 37. ತುದಿಯ ಗುರುತೇ ಒಂದೆರಡು ಮಿ.ಮೀ. ಜಗ್ಗಿದ್ದರೆ ಅದನ್ನು ಎಲ್ಲದಕ್ಕೂ ಕೂಡಿಸಿಕೊಳ್ಳಿ. ನಮಗೆ ಒಂದು ಕಡೆ 100ರ ಗೂಟದಲ್ಲಿ 9 ಮಾತ್ರ ಬಂತು. ಎಳೆತ ಜಾಸ್ತಿ ಮಾಡಲಿಲ್ಲ. ಪೂರ್ತಿ ಬಿಟ್ಟು, ಬಡಿದು, ಮತ್ತೆ ಎಳೆದೆವು, ಬಂತು. ಎಲ್ಲಿಂದ ಎಲ್ಲಿಗೆ ಬಡಿಯಬೇಕು, ಪ್ಯಾಡಿಗೆ ಹಿಂದಿನ ದಿನ ಏನು ಮಾಡಿಟ್ಟುಕೊಳ್ಳಬೇಕು ಅನ್ನೋದು ನಮ್ಮ ಗ್ಯಾಂಗಿನ ಹೊಟ್ಟೆಪಾಡು, ಅದನ್ನು ಕೇಳಬೇಡಿ. ತುದಿಯಿಂದ ಕ್ಲಿಪ್ ಹಾಕಿಕೊಂಡು ಬಂದು ವೆಲ್ಡ್ ಸುರಿದ ಮೇಲೆ ಅರ್ಧ ಗಂಟೆ ಟೆನ್ಸರ್ ಮುಟ್ಟಲು ಬಿಡಲಿಲ್ಲ. ಬಿಸಿ ವೆಲ್ಡಿಗೆ 25 ಟನ್ ಹೊರಿಸಿದರೆ ಏನಾಗುತ್ತೆ ಗೊತ್ತಲ್ವಾ? ಅದೇ ಬ್ಲಾಕಿನಲ್ಲಿ ಇನ್ನೊಂದು ಹಳಿಯನ್ನೂ ಮುಗಿಸಿದೆವು. ಒಂದು ಹಳಿ 42, ಪಕ್ಕದ್ದು 33 ಅಂತ ಬಿಟ್ಟು ಹೋಗೋ ಹಾಗಿಲ್ಲ.

ನಡುವೆ ಒಂದು ಚೇಷ್ಟೆಯನ್ನೂ ಮಾಡಿದೆ. ಯಾರೋ ಹೇಳಿದರು ಅಂತ ಡಿಪೋದಲ್ಲಿ ಬಿದ್ದಿದ್ದ ಎರಡು ಹಳಿ ತುಂಡುಗಳಲ್ಲಿ ಒಂದಕ್ಕೆ ಬಿಳಿ ಬಣ್ಣ ಬಳಿದು ಬಿಸಿಲಲ್ಲಿಟ್ಟೆ. ಮಧ್ಯಾಹ್ನ ಎರಡು ಗಂಟೆಗೆ ಬಿಳಿಯದ್ದು ಐದು ಡಿಗ್ರಿ ತಣ್ಣಗಿತ್ತು. ಒಂದು ಹಳಿಗೆ ಹತ್ತಿರ ಹತ್ತಿರ ಹತ್ತು ಟನ್ ಉಳಿತಾಯ, ಪರವಾಗಿಲ್ಲ. ಆದರೆ ಓಡಾಡೋ ಲೈನಿನಲ್ಲಿ ಬ್ರೇಕಿನ ಧೂಳು ಕೂತು ಕೆಲವೇ ವಾರಕ್ಕೆ ಬಣ್ಣ ಕಂದಾಯಿತು. ಗಾಡಿ ಲೈನ್ ಬದಲಿಸೋ ಪಾಯಿಂಟ್ ಹತ್ತಿರ ನಾಲ್ಕು ಹಳಿಗೆ ಬಳಿದುಕೊಳ್ಳಬಹುದು, ಅರ್ಧ ಕಿಲೋಮೀಟರಿಗೆ ಅಲ್ಲ.

ಈ ಏಪ್ರಿಲ್‌ನಲ್ಲಿ ಹಳಿ 58 ಮುಟ್ಟಿದ ದಿನ ಹೋಗಿ ಸ್ಲೀಪರ್ ತುದಿಗಳನ್ನು ನೋಡಿದೆ. ಸಂದು ಇರಲಿಲ್ಲ. ಇನ್ನು ಮುಂದೆ ಚಳಿಗಾಲದಲ್ಲಿ ಎಲ್ಲೇ ಮುರಿದರೂ ಕತ್ತರಿಸೋ ಮೊದಲೇ ಎರಡೂ ಕಡೆ ಹಳಿಯ ಮೇಲೆ ಪೇಂಟಿನಲ್ಲಿ ಗುರುತು ಹಾಕಿ, ನಡುವಿನ ಅಳತೆಯನ್ನೂ ಬಿಟ್ಟ ಬಾಯಿಯನ್ನೂ ಬರೆದಿಟ್ಟುಕೊಳ್ಳಲು ನಮ್ಮವರಿಗೆ ಹೇಳಿದ್ದೇನೆ. ಆಮೇಲೆ ಎಳೆಯುವಾಗ ಆ ಅಳತೆಯಿಂದ ಬಾಯಿಯಷ್ಟು ಕಳೆದು ಗುರುತುಗಳನ್ನು ತಂದರೆ ಮುಗಿಯಿತು, ಇಷ್ಟೆಲ್ಲ ಬಿಚ್ಚೋ ಕೆಲಸವೇ ಇರೋದಿಲ್ಲ. ಮುಂದಿನ ಕೆಲಸ ಸೇತುವೆಯ ಪಕ್ಕ ಒಪ್ಪಿಕೊಂಡಿದ್ದೇನೆ. ಅಲ್ಲಿ ಗಾಡಿಗಳು ಬ್ರೇಕ್ ಹಾಕಿ ಹಾಕಿ ಹಳಿಯನ್ನು ಒಂದೇ ದಿಕ್ಕಿಗೆ ತಳ್ಳಿವೆ. ಉಕ್ಕು ಯಾರೂ ಸೇರಿಸಿಲ್ಲ, ಆದರೂ ಗುಡ್ಡೆಯಾಗಿದೆ. ಈ ಸಲ ಬ್ಲಾಕ್ ರದ್ದಾದರೂ ಕೂಲಿ ಸಿಗಬೇಕು ಅಂತ ಮೊದಲೇ ಬರೆಸಿಕೊಂಡಿದ್ದೇನೆ.